ಹತ್ತು ರೂಪಾಯಿ ಉಳಿಸಿದವರು ಯಾರು?

ಬೆಂಗಳೂರಿನ ಪೀಣ್ಯದಂಥ ಕಡೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯನ್ನು ಊಹಿಸಿಕೊಳ್ಳೋಣ. ಒಂದು ಅಂಗಿಗೆ 2 ಮೀಟರ್ ಬಟ್ಟೆ, ಮೀಟರಿಗೆ 150 ರೂಪಾಯಿ ಎಂದು ಅಲ್ಲಿ ಮೊದಲೇ ಗೊತ್ತುಮಾಡಿಕೊಂಡಿದ್ದಾರೆ. ಖರೀದಿಯವರು ಚೌಕಾಸಿ ಮಾಡಿ 140ಕ್ಕೇ ಬಟ್ಟೆ ತಂದರು. ಆದರೆ ಸಾವಿರ ಅಂಗಿಗೆ 2,000 ಮೀಟರ್ ಸಾಕಾಗಬೇಕಿದ್ದಲ್ಲಿ 2,300 ಮೀಟರ್ ಖರ್ಚಾಯಿತು. ಲೆಕ್ಕದ ಹಾಳೆಯಲ್ಲಿ ಖರೀದಿ ವಿಭಾಗದ ಹೆಸರಿಗೆ 23,000 ರೂಪಾಯಿಯ ಅನುಕೂಲ ದರವ್ಯತ್ಯಾಸ ಬಂತು, ಕಟಿಂಗ್ ವಿಭಾಗದ ತಲೆಗೆ 45,000ದ ಪ್ರತಿಕೂಲ ಬಳಕೆವ್ಯತ್ಯಾಸ ಬಿತ್ತು. ಒಬ್ಬರಿಗೆ ಬೆನ್ನು ತಟ್ಟಿದ್ದಾಯಿತು, ಇನ್ನೊಬ್ಬರಿಂದ ವಿವರಣೆ ಕೇಳಿದ್ದಾಯಿತು. ಕಾರ್ಖಾನೆ ಮಾತ್ರ 22,000 ಕಳೆದುಕೊಂಡಿತು.

ಆ ಮುನ್ನೂರು ಮೀಟರ್ ಎಲ್ಲಿ ಹೋಯಿತೆಂಬುದನ್ನು ಕಟಿಂಗ್ ಮೇಜಿನ ಪಕ್ಕ ನಿಂತು ನೋಡಬೇಕು. ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಅಂಗಿಯ ತುಂಡುಗಳನ್ನು ಗುರುತು ಮಾಡಿದ ಮಾರ್ಕರ್ ಹಾಳೆಯನ್ನು ಮೇಲೆ ಹರಡುತ್ತಾರೆ. ನಾಲ್ಕು ರೋಲುಗಳಲ್ಲಿ ಒಂದರ ಪನ್ನ ಎರಡು ಬೆರಳು ಕಿರಿದಾಗಿದ್ದರೂ ಮಾರ್ಕರನ್ನು ಆ ಕಿರಿದಾದ ಅಳತೆಗೇ ಹೊಂದಿಸಬೇಕು, ಉಳಿದ ಮೂರರ ಅಂಚು ಚಿಂದಿಯಾಗುತ್ತದೆ. ನೂಲು ತಪ್ಪಿದ ಜಾಗ, ತೂತು, ಎಣ್ಣೆ ಕಲೆ ಕಂಡಲ್ಲಿ ಪದರವನ್ನು ಕತ್ತರಿಸಿ, ಒಂದರ ಮೇಲೊಂದು ಬರುವಂತೆ ಮತ್ತೆ ಹಾಸಬೇಕು. ರೋಲಿನಿಂದ ರೋಲಿಗೆ ಬಣ್ಣ ತುಸು ಬೇರೆಯಾದರೆ, ಒಂದರ ಕೊನೆಯ ತುಂಡಿಗೆ ಇನ್ನೊಂದರ ಕಾಲರ್ ಕೂಡಿಸುವಂತಿಲ್ಲ. ಕಟಿಂಗ್ ಮಾಸ್ಟರ್ ಎಷ್ಟೇ ನುರಿತವರಾದರೂ ಇಂಥ ಬಟ್ಟೆಯ ಮುಂದೆ ಅವರ ಕೈಚಳಕ ಎಷ್ಟು ದೂರ ನಡೆದೀತು?

ಲೆಕ್ಕದ ರೂಢಿಗೆ ಅದರದೇ ಸಮರ್ಥನೆಯಿದೆ. ಪೇಟೆಯ ಏರಿಳಿತದ ಬಿಸಿ ಕತ್ತರಿಸುವವರಿಗೆ ತಟ್ಟದಿರಲಿ ಎಂದು ಅವರ ಹೆಚ್ಚುವರಿ ಬಳಕೆಗೆ ಗೊತ್ತುಮಾಡಿದ 150ರ ದರ ಕಟ್ಟುತ್ತಾರೆ. ಬೆಲೆ ಖರೀದಿಯ ದಿನವೇ ತಿಳಿಯುವುದರಿಂದ, ಕೊಂಡ ಅಷ್ಟೂ ಬಟ್ಟೆಯ ಮೇಲೆ ದರವ್ಯತ್ಯಾಸವನ್ನು ಆಗಲೇ ಲೆಕ್ಕ ಹಾಕುತ್ತಾರೆ. ಎರಡೂ ಸರಿಯೇ, ಆದರೆ ಇವೆರಡು ಕೂಡುವಲ್ಲಿ ಒಂದು ವಿಚಿತ್ರ ಅಡಗಿದೆ. ಬೇಕಾಗಿದ್ದ 2,000 ಮೀಟರಿನ ಮೇಲೆ ಉಳಿದದ್ದು 20,000 ರೂಪಾಯಿ ಮಾತ್ರ. ಮಿಕ್ಕ 3,000, ಚಿಂದಿಯಾಗಿ ಹೋದ 300 ಮೀಟರಿನ ಮೇಲೆ ತಲಾ ಹತ್ತರಂತೆ ‘ಉಳಿಸಿದ’ ಹಣ! ಬಟ್ಟೆ ಕೆಟ್ಟಷ್ಟೂ ಹೆಚ್ಚು ಕೊಳ್ಳಬೇಕು, ಹೆಚ್ಚು ಕೊಂಡಷ್ಟೂ ಖರೀದಿಯವರ ಕೀರ್ತಿ ಬೆಳೆಯಬೇಕು. ಅದೇ 3,000ಕ್ಕೆ ಕಟಿಂಗ್‌ನವರದ್ದೂ ತಕರಾರು: 140 ಕೊಟ್ಟು ತಂದ ಬಟ್ಟೆಗೆ ನಮ್ಮ ಮೇಲೆ 150ರ ಲೆಕ್ಕ ಏಕೆ? ದರ ಮತ್ತು ಬಳಕೆ ಒಂದರೊಳಗೊಂದು ಹೆಣೆದುಕೊಂಡ ಈ ತುಣುಕೇ ಜಂಟಿ ವ್ಯತ್ಯಾಸ. ಅದನ್ನು ಪ್ರತ್ಯೇಕ ಸಾಲಿನಲ್ಲಿ ಬರೆದಿಟ್ಟರೆ ಹುಸಿ ಕೀರ್ತಿಯೇನೋ ಹೋದೀತು, ಆದರೆ ಉಳಿದ 42,000ದ ಪ್ರಶ್ನೆ ಹಾಗೇ ನಿಂತಿರುತ್ತದೆ. ನಮ್ಮ ಲೆಕ್ಕಿಗರು 3,000ದ ಸುತ್ತ ಬಹಳ ವಾದ ಮಾಡುತ್ತಾರೆ, 42,000ದ ಬಳಿ ಮೌನ.

ಬಳಕೆ ಹೆಚ್ಚಿತೆಂದು ಕತ್ತರಿಸಿದವರನ್ನೇ ಹಿಡಿಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಹಾಗೆಂದು ಅವರ ತಪ್ಪು ಇರಲಾರದೆಂದೂ ಅಲ್ಲ, ಅಗ್ಗದ ಬಟ್ಟೆಯ ನೆಪದಲ್ಲಿ ಅಸಡ್ಡೆಯೂ ಅಡಗಿರಬಹುದು. ಬೇರ್ಪಡಿಸುವ ದಾರಿ ಕಷ್ಟದ್ದೇನಲ್ಲ. ಅದೇ ಮಾರ್ಕರ್, ಅದೇ ಕೈ, ಆದರೆ ಮಾಮೂಲಿ ದರ್ಜೆಯ ಬಟ್ಟೆ ಕೊಟ್ಟು ಕತ್ತರಿಸಿ ನೋಡಿದರಾಯಿತು. ರೋಲುವಾರು ತಪಾಸಣೆಯ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಆ ಪ್ರಮಾಣದಲ್ಲಿ ಸಾವಿರ ಅಂಗಿಗೆ 2,040 ಮೀಟರ್ ಬೇಕಾಯಿತೆನ್ನಿ. ಆಗ 40 ಮೀಟರಿನ 6,000 ಕತ್ತರಿಯದು, 260 ಮೀಟರಿನ 39,000 ಬಟ್ಟೆಯದು. ಈ 39,000ವನ್ನು ಖರೀದಿಯ 23,000ದ ಎದುರಿಗಿಟ್ಟರೆ, ಮೆಚ್ಚುಗೆ ಪಡೆದ ಕೊಳ್ಳುವಿಕೆಯೇ 16,000ದ ನಷ್ಟವಾಗಿ ಕಾಣುತ್ತದೆ.

ಆದರೂ ಖರೀದಿಯವರನ್ನು ಕಟಕಟೆಗೆ ಏರಿಸುವ ಮುನ್ನ ತುಸು ತಡೆಯಬೇಕು. ಅಗ್ಗದ ಬಟ್ಟೆ ತರುವಂತೆ ಅವರಿಗೆ ಹೇಳಿದವರು ಯಾರು? ದರ ಇಳಿಸಿದ್ದಕ್ಕಷ್ಟೇ ಬಹುಮಾನ ಇಟ್ಟು, ಬಟ್ಟೆ ಕೊಳ್ಳುವ ಮೊದಲು ಮಾದರಿಯ ರೋಲನ್ನು ಕಟಿಂಗ್ ಮೇಜಿಗೆ ಕಳಿಸದ ವ್ಯವಸ್ಥೆ ಯಾರದು? ಮಾದರಿ ಬಂದು, ಅದನ್ನು ನೋಡಿಯೂ ಕಟಿಂಗ್‌ನವರು ಸುಮ್ಮನೆ ಒಪ್ಪಿದ್ದರೆ ಹೊಣೆಯಲ್ಲಿ ಅವರಿಗೂ ಪಾಲುಂಟು. ಕೊಳ್ಳುವ ತೀರ್ಮಾನ ಖರೀದಿಯವರದೇ ಆಗಿದ್ದರೆ, ದರದ ಲಾಭದ ಜೊತೆ ಬಟ್ಟೆಯ ದೋಷದಿಂದಾದ ಪೋಲೂ ಅವರ ಹೆಸರಿಗೇ ಸೇರಬೇಕು. ಮೇಲಿನವರ ಆದೇಶದಿಂದ ಕೊಂಡಿದ್ದರೆ, ಆ 16,000ಕ್ಕೆ ಉತ್ತರ ಹೇಳಬೇಕಾದವರು ಮೇಲಿನವರೇ.