‘ಕೃಪೆ: ಅಂತರ್ಜಾಲ’ ಎಂದರೆ ಯಾರ ಹೆಸರು?

ರಾಜ್ಯೋತ್ಸವ ಹತ್ತಿರ ಬಂದಾಗ ಅಣ್ಣಿಗೇರಿಯ ಅಮೃತೇಶ್ವರ ಗುಡಿಯ ಕಂಬಸಾಲಿನ ಚಿತ್ರಕ್ಕೆ ಬೇಡಿಕೆ ಹೆಚ್ಚುತ್ತದೆ. ಸಂಘದ ಆಮಂತ್ರಣಕ್ಕೆ, ಶಾಲೆಯ ಸ್ಮರಣ ಸಂಚಿಕೆಗೆ, ಬಸ್ ನಿಲ್ದಾಣದ ಬ್ಯಾನರಿಗೆ ಅದೇ ಬೇಕು. ಅಡಿಯಲ್ಲಿ ಏನೂ ಇರುವುದಿಲ್ಲ, ಇದ್ದರೂ ‘ಚಿತ್ರಕೃಪೆ: ಅಂತರ್ಜಾಲ’ ಎಂದಿರುತ್ತದೆ. ಅಂತರ್ಜಾಲ ಚಿತ್ರ ಸಿಕ್ಕ ಜಾಗ ಅಷ್ಟೇ. ಬೆಳಕಿಗಾಗಿ ಕಾದು ಅದನ್ನು ತೆಗೆದವರು ಬೇರೆ ಯಾರೋ ಇದ್ದಾರೆ.

ನಮ್ಮ ಸೀಮೆಯ ಗುಡಿಗಳ ಫೋಟೊಗಳಿಗೆ ಇದಕ್ಕಿಂತ ಒಳ್ಳೆಯ ಪರಂಪರೆ ಇದೆ. ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪದ ಫೋಟೊಗಳ ದೊಡ್ಡ ಪುಸ್ತಕವೊಂದು 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಇತಿಹಾಸ ಬರೆದವರು ಮೆಡೋಸ್ ಟೇಲರ್, ಶಿಲ್ಪದ ಟಿಪ್ಪಣಿ ಬರೆದವರು ಜೇಮ್ಸ್ ಫರ್ಗುಸನ್; ಇಬ್ಬರೂ ಆಗಲೇ ಹೆಸರು ಮಾಡಿದ್ದವರು. ಆದರೂ ಮುಖಪುಟದಲ್ಲಿ ಅವರಿಗಿಂತ ಮೊದಲು ಬರುವುದು ಫೋಟೊ ತೆಗೆದ ಪಿಗೊ, ನೀಲ್ ಮತ್ತು ಬಿಗ್ಸ್ ಅವರ ಹೆಸರುಗಳು. ಪಿಗೊ ಅಷ್ಟರಲ್ಲಿ ತೀರಿಕೊಂಡಿದ್ದರು. ‘ದಿವಂಗತ’ ಎಂದು ಸೇರಿಸಿ ಅವರ ಹೆಸರನ್ನೂ ಉಳಿಸಿದರು. ಇಂದು ಆ ಚಿತ್ರಗಳ ಚರಿತ್ರೆ ಬರೆಯುವವರಿಗೆ ಅದೇ ಆಧಾರ.

ಗುಡಿ ಎಲ್ಲರದು, ಆದರೆ ಗುಡಿಯ ಫೋಟೊ ತೆಗೆದವರದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಈ ಹಕ್ಕಿಗೆ ನೋಂದಣಿ ಬೇಕಿಲ್ಲ. ತೆಗೆದವರು ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ ಅದು ಉಳಿಯುತ್ತದೆ. ಹಣ ಕೊಟ್ಟು ಸ್ಟುಡಿಯೊದವರಿಂದ ತೆಗೆಸಿದ ಮದುವೆ ಫೋಟೊದ ಒಡೆತನ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದು. ಆಗಲೂ ‘ಇದು ನಾನು ತೆಗೆದದ್ದು’ ಎಂದು ಹೇಳಿಕೊಳ್ಳುವ ಹಕ್ಕು ಫೋಟೊಗ್ರಾಫರ್ ಬಳಿಯೇ ಇರುತ್ತದೆ.

ಹೆಸರು ಹುಡುಕುವುದು ಹೇಗೆ? ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದ ಚಿತ್ರದೊಳಗಿನ ಮಾಹಿತಿ ಅಳಿಸಿಹೋಗುತ್ತದೆ. ಹಾಗಾಗಿ ಫಾರ್ವರ್ಡ್ ಆಗಿ ಬಂದ ಪ್ರತಿಯನ್ನೇ ಕೆದಕಿ ಪ್ರಯೋಜನವಿಲ್ಲ. ಗೂಗಲ್ ಲೆನ್ಸ್‌ಗೆ ಕೊಟ್ಟು ಮೂಲ ಪುಟ ಹುಡುಕಬೇಕು. ಸಿಕ್ಕವುಗಳಲ್ಲಿ ಅಂಚು ಕತ್ತರಿಸದ, ಎಲ್ಲಕ್ಕಿಂತ ದೊಡ್ಡ ಪ್ರತಿ ಇರುವ ಪುಟ ಸಾಮಾನ್ಯವಾಗಿ ಮೂಲಕ್ಕೆ ಹತ್ತಿರ. ಮೂಲೆಯಲ್ಲಿದ್ದ ಹೆಸರನ್ನು ಯಾರೋ ಕತ್ತರಿಸಿದ್ದರೆ ಅದೂ ಅಲ್ಲಿ ಗೊತ್ತಾಗುತ್ತದೆ.

ಮೂಲ ವಿಕಿಮೀಡಿಯ ಕಾಮನ್ಸ್‌ನಲ್ಲಿದ್ದರೆ ಕೆಲಸ ಸಲೀಸು. ಅಲ್ಲಿ ಛಾಯಾಗ್ರಾಹಕರ ಹೆಸರು, ಪರವಾನಗಿ ಎರಡೂ ಇರುತ್ತವೆ. ಪರವಾನಗಿ CC BY-SA 4.0 ಎಂದಿದ್ದರೆ ಮತ್ತೆ ಅಪ್ಪಣೆ ಕೇಳಬೇಕಿಲ್ಲ. ಹೀಗೆ ಒಂದು ಸಾಲು ಹಾಕಿದರೆ ಸಾಕು: ‘ಅಮೃತೇಶ್ವರ ಗುಡಿ, ಅಣ್ಣಿಗೇರಿ. ಫೋಟೊ: (ಹೆಸರು), ವಿಕಿಮೀಡಿಯ ಕಾಮನ್ಸ್, CC BY-SA 4.0, creativecommons.org/licenses/by-sa/4.0. ಅಂಚು ಕತ್ತರಿಸಲಾಗಿದೆ.’ ಮಾಡಿದ ಬದಲಾವಣೆ ತಿಳಿಸುವುದೂ ಆ ಪರವಾನಗಿಯ ಷರತ್ತು.

ಅಂಥ ಪರವಾನಗಿ ಇಲ್ಲದಿದ್ದರೆ ಹೆಸರು ಹಾಕಿದ ಮಾತ್ರಕ್ಕೆ ಬಳಸುವ ಹಕ್ಕು ಬರುವುದಿಲ್ಲ, ಕೇಳಲೇಬೇಕು. ‘ನಿಮ್ಮ ಫೋಟೊ ಹಾಕ್ಕೋಬಹುದಾ ಸರ್?’ ಎಂದಷ್ಟೇ ಕೇಳಿದರೆ, ಎಲ್ಲಿಗೆ, ಎಷ್ಟಕ್ಕೆ ಎಂಬುದು ತಿಳಿಯದೆ ಅವರು ಸುಮ್ಮನಾಗುತ್ತಾರೆ. ಇಷ್ಟು ಬರೆಯಿರಿ:

‘ನಮಸ್ಕಾರ ಸರ್. ನಾವು ಅಣ್ಣಿಗೇರಿಯ ಶಾಲೆಯವರು. ರಾಜ್ಯೋತ್ಸವದ ಸ್ಮರಣ ಸಂಚಿಕೆಯ ಒಳಪುಟಕ್ಕೆ ನಿಮ್ಮ ಅಮೃತೇಶ್ವರ ಗುಡಿಯ ಈ ಫೋಟೊ (ಲಿಂಕ್) ಬಳಸಲು ಅನುಮತಿ ಕೋರುತ್ತೇವೆ. 300 ಪ್ರತಿ ಅಚ್ಚಾಗುತ್ತವೆ, ಮಾರಾಟಕ್ಕಲ್ಲ. ಫೇಸ್‌ಬುಕ್‌ನಲ್ಲಿ ಹಾಕುವುದಿಲ್ಲ. ಫೋಟೊದ ಕೆಳಗೇ ನಿಮ್ಮ ಹೆಸರು ಇರುತ್ತದೆ. ಹೇಗೆ ಬರೆಯಬೇಕು ತಿಳಿಸಿ. ಸಂಭಾವನೆ ಇದ್ದರೆ ಅದನ್ನೂ ತಿಳಿಸಿ. ಅಕ್ಟೋಬರ್ 20ರೊಳಗೆ ನಿಮ್ಮ ಒಪ್ಪಿಗೆ ಸಿಕ್ಕರೆ ಮಾತ್ರ ಬಳಸುತ್ತೇವೆ.’

ಕೊನೆಯ ಸಾಲು ಮುಖ್ಯ. ‘ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ತಿಳಿಯುತ್ತೇವೆ’ ಎಂದು ಬರೆಯುವವರಿದ್ದಾರೆ, ಮೌನ ಒಪ್ಪಿಗೆಯಲ್ಲ. ಮುಂದೆ ಅದೇ ಫೋಟೊ ಬ್ಯಾನರಿಗೆ ಬೇಕಾದರೆ ಇನ್ನೊಮ್ಮೆ ಕೇಳಬೇಕು. ‘ನಿಮಗೆ ಪ್ರಚಾರ ಸಿಗುತ್ತದೆ’ ಎಂಬ ಮಾತನ್ನು ಸಂಭಾವನೆಯ ಜಾಗದಲ್ಲಿ ಇಡಬಾರದು.

ರಾಜ್ಯೋತ್ಸವಕ್ಕೆ ಗುಡಿಯ ಜೊತೆ ಪಂಪನ ಚಿತ್ರವನ್ನೂ ಹಾಕುವುದುಂಟು; ಅದರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹತ್ತನೆಯ ಶತಮಾನದ ಆ ಕವಿ ಹೇಗಿದ್ದನೆಂದು ತೋರಿಸುವ, ಅವನ ಕಾಲದ ಚಿತ್ರ ಯಾವುದೂ ನಮಗೆ ಸಿಕ್ಕಿಲ್ಲ. ನಾವು ಹಂಚಿಕೊಳ್ಳುವ ಒಂದೊಂದು ಪಂಪನ ಮುಖವೂ ಒಬ್ಬ ಕಲಾವಿದರ ಕಲ್ಪನೆ. ಕಲಾವಿದರ ಹೆಸರು ಅಳಿಸಿದರೆ ಅವರ ಶ್ರಮ ಮರೆಯಾಗುತ್ತದೆ, ಜೊತೆಗೆ ಆ ಕಲ್ಪನೆಯನ್ನೇ ಮಕ್ಕಳು ಪಂಪನ ನಿಜರೂಪವೆಂದು ನಂಬುತ್ತಾರೆ. ‘ಪಂಪ: ಕಲಾವಿದರ ಕಲ್ಪನೆಯಲ್ಲಿ; ಚಿತ್ರ: (ಹೆಸರು)’ ಎಂದು ಬರೆದರೆ ಎರಡೂ ತಪ್ಪುತ್ತವೆ.

ಹುಡುಕಿದರೂ ಹೆಸರು ಸಿಗಲಿಲ್ಲ, ಕೇಳಿದರೂ ಉತ್ತರ ಬರಲಿಲ್ಲ ಎಂದಾದರೆ ಆ ಚಿತ್ರ ಬಿಟ್ಟುಬಿಡಿ. ಗುಡಿ ಊರಲ್ಲೇ ಇದೆ. ಒಬ್ಬ ವಿದ್ಯಾರ್ಥಿಯನ್ನು ಮೊಬೈಲ್ ಕೊಟ್ಟು ಕಳಿಸಿ. ಪಂಪನನ್ನು ಬರೆಯಲು ಶಾಲೆಯ ಚಿತ್ರಕಲಾ ಶಿಕ್ಷಕರನ್ನು ಕೇಳಿ. ಇಬ್ಬರ ಹೆಸರನ್ನೂ ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ, ಚಿತ್ರದ ಕೆಳಗೇ ಅಚ್ಚು ಮಾಡಿಸಿ.