ಬಾಯಿಪಾಠದ ನಂಬಿಕೆ ಯಾರದು?

ಇನ್ನೂ ಅರ್ಥವಾಗದ ಮಾತನ್ನು ಮಗುವಿನ ಬಾಯಲ್ಲಿ ಇಡುವ ಹಕ್ಕು ದೊಡ್ಡವರಿಗೆ ಇದೆಯೇ? ನಮ್ಮ ಸಭೆಯ ಆದಿತ್ಯವಾರ ಶಾಲೆಗೆ ಮೂವತ್ತು ಪ್ರಶ್ನೋತ್ತರಗಳ ಚಿಕ್ಕ ಪುಸ್ತಕವೊಂದನ್ನು ಸಿದ್ಧಪಡಿಸುವ ಕೆಲಸ ಇನ್ನಿಬ್ಬರೊಂದಿಗೆ ನನ್ನ ಪಾಲಿಗೆ ಬಂದಾಗ, ಈ ಪ್ರಶ್ನೆಯನ್ನು ದಾಟಿ ಹೋಗಲು ಸಾಧ್ಯವಾಗಲಿಲ್ಲ. ನಾನು ದೇವಶಾಸ್ತ್ರ ಓದಿದವನಲ್ಲ, ಬ್ಯಾಂಕಿನ ಗುಮಾಸ್ತ. ಆದರೂ ಮಕ್ಕಳಿಗೆ ಬರೆಯಲು ಕುಳಿತವನು ಈ ಪ್ರಶ್ನೆಗೆ ತನ್ನಷ್ಟಕ್ಕೆ ಒಂದು ಉತ್ತರ ಕಂಡುಕೊಳ್ಳಲೇಬೇಕು.

ಪ್ರಶ್ನೋತ್ತರದ ಮೂಲಕ ಧರ್ಮವನ್ನು ಕಲಿಸುವುದು ಕ್ರೈಸ್ತರಿಗೆ ಮಾತ್ರ ಮೀಸಲಾದುದಲ್ಲ. ಜೈನರು ಅಮೋಘವರ್ಷ ನೃಪತುಂಗನದೆಂದೂ ಬೇರೆಯವರು ಶಂಕರಾಚಾರ್ಯರದೆಂದೂ ಹೇಳುವ ‘ಪ್ರಶ್ನೋತ್ತರ ರತ್ನಮಾಲಿಕೆ’ಯ ಹೆಸರೇ ಅದನ್ನು ತಿಳಿಸುತ್ತದೆ. ಕ್ರೈಸ್ತರಲ್ಲಿ ಇದನ್ನು ಮನೆಮನೆಗೆ ಮುಟ್ಟಿಸಿದವನು ಮಾರ್ಟಿನ್ ಲೂಥರ್. 1528ರಲ್ಲಿ ಸ್ಯಾಕ್ಸನಿಯ ಹಳ್ಳಿಗಳ ಸಭೆಗಳನ್ನು ನೋಡಿ ಬಂದ ಅವನಿಗೆ, ಅಲ್ಲಿನ ಜನರಿಗೆ ದಶಾಜ್ಞೆಗಳಾಗಲಿ ಕರ್ತನ ಪ್ರಾರ್ಥನೆಯಾಗಲಿ ತಿಳಿದಿಲ್ಲವೆಂದು ಗೊತ್ತಾಯಿತು. ಮರುವರ್ಷ, 1529ರಲ್ಲಿ, ಅವನ ‘ಚಿಕ್ಕ ಪ್ರಶ್ನೋತ್ತರ’ ಹೊರಬಂತು. ಅದರ ಮುನ್ನುಡಿಯಲ್ಲಿ ಅವನು ಬೋಧಕರಿಗೆ ಹೇಳುವ ಕ್ರಮ ಗಮನಿಸತಕ್ಕದ್ದು. ಮೊದಲು ಒಂದೇ ಪಾಠವನ್ನು ಆರಿಸಿಕೊಂಡು, ವರ್ಷ ವರ್ಷ ಅದನ್ನು ಬದಲಿಸದೆ, ಮಾತಿಗೆ ಮಾತು ಕಲಿಸಬೇಕು. ಆ ಮೇಲೆ ಅರ್ಥ. ವಿಸ್ತಾರವಾದ ವಿವರಣೆ ಅದಕ್ಕೂ ಆಮೇಲೆ. ಈ ವರ್ಷ ಒಂದು ರೀತಿ, ಮುಂದಿನ ವರ್ಷ ಇನ್ನೊಂದು ರೀತಿ ಹೇಳಿಕೊಟ್ಟರೆ ಎಳೆಯರಿಗೆ ಎರಡೂ ಉಳಿಯುವುದಿಲ್ಲ ಎಂಬುದು ಅವನ ಕಾರಣ.

ಅಂದರೆ ಮಾತು ಮೊದಲು, ಅರ್ಥ ನಂತರ. ಈ ಕ್ರಮವನ್ನು ಒಪ್ಪಿದ ಕ್ಷಣದಲ್ಲೇ ಬರೆಯುವವನ ಹೊಣೆ ಹೆಚ್ಚುತ್ತದೆ. ದೊಡ್ಡವರು ಪುಸ್ತಕ ಓದುವಾಗ ಒಪ್ಪದ ಮಾತನ್ನು ತಳ್ಳಿಹಾಕಬಲ್ಲರು. ಏಳು ವರ್ಷದ ಮಗುವಿಗೆ ಆ ಶಕ್ತಿಯಿಲ್ಲ. ಅದು ತಳ್ಳಲಾರದು ಎಂಬ ಕಾರಣಕ್ಕೇ, ಮುಂದೆ ಬೆಳೆದಾಗ ತಳ್ಳಬೇಕಾಗಿ ಬರುವಂಥದನ್ನು ನಾವು ಅದಕ್ಕೆ ಕೊಡಬಾರದು. ಉತ್ತರ ಚಿಕ್ಕದಾಗಿರಬೇಕು, ಆದರೆ ಚಿಕ್ಕದಾಗುವ ಭರದಲ್ಲಿ ಸುಳ್ಳಾಗಬಾರದು. ಇದು ಹೇಳಿದಷ್ಟು ಸುಲಭವಲ್ಲ. ಒಂದೇ ಪ್ರಶ್ನೆಯನ್ನು ತೆಗೆದುಕೊಂಡು ನೋಡೋಣ: ಪಾಪ ಎಂದರೇನು?

ಗ್ರಾಂಥಿಕವಾಗಿ ಬರೆದರೆ ಉತ್ತರ ಹೀಗಾಗುತ್ತದೆ: ‘ದೇವರು ತನ್ನ ನ್ಯಾಯಪ್ರಮಾಣದ ಮೂಲಕ ಮನುಷ್ಯರಿಗೆ ವಿಧಿಸಿರುವ ಆಜ್ಞೆಗಳನ್ನು ಮನಸ್ಸು, ಮಾತು, ಕ್ರಿಯೆಗಳಿಂದ ಉಲ್ಲಂಘಿಸುವುದು.’ ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಮಗುವಿನ ಉಸಿರು ಮುಗಿದಿರುತ್ತದೆ. ಮೊದಲ ಎರಡು ಮಾತು, ಕೊನೆಯ ಒಂದು ಮಾತು ಗಟ್ಟಿಯಾಗಿ ಕೇಳಿಸುತ್ತವೆ, ನಡುವಿನದು ಗುಣುಗುಣು ಆಗುತ್ತದೆ. ಹಾಗೆ ಗುಣುಗುಣು ಕೇಳಿಸಿದರೆ ವಾಕ್ಯ ಉದ್ದವಾಯಿತೆಂದೇ ತಿಳಿಯಬೇಕು. ಮಗುವಿಗೆ ಗದರಿಸಿ ಪ್ರಯೋಜನವಿಲ್ಲ.

ಇನ್ನೊಂದು ತುದಿಗೆ ಹೋಗಿ ‘ತಪ್ಪು ಮಾಡುವುದೇ ಪಾಪ’ ಎಂದು ಬರೆಯಬಹುದು. ಒಂದೇ ದಿನದಲ್ಲಿ ಬಾಯಿಪಾಠವಾಗುತ್ತದೆ. ಆದರೆ ಒಳ್ಳೆಯ ಸಮಾರ್ಯದವನ ಕತೆಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಕಳ್ಳರ ಪೆಟ್ಟು ತಿಂದು ದಾರಿಯಲ್ಲಿ ಬಿದ್ದವನನ್ನು ಕಂಡೂ ಓರೆಯಾಗಿ ಹೋದ ಯಾಜಕನೂ ಲೇವಿಯನೂ ಯಾವ ತಪ್ಪನ್ನೂ ‘ಮಾಡಲಿಲ್ಲ’. ಏನನ್ನೂ ಮಾಡದಿದ್ದುದೇ ಅವರ ತಪ್ಪು. ಈ ಚಿಕ್ಕ ಉತ್ತರವನ್ನು ಕಲಿತ ಮಗು ಅವರಿಬ್ಬರನ್ನೂ ನಿರ್ದೋಷಿಗಳೆಂದು ಬಿಟ್ಟುಬಿಡುತ್ತದೆ. ದೊಡ್ಡವನಾದ ಮೇಲೆ ತನ್ನನ್ನೂ ಹಾಗೆಯೇ ಬಿಟ್ಟುಕೊಳ್ಳುತ್ತದೆ.

ಇಲ್ಲಿ 1647ರ ವೆಸ್ಟ್‌ಮಿನ್‌ಸ್ಟರ್ ಚಿಕ್ಕ ಪ್ರಶ್ನೋತ್ತರ ನೆರವಿಗೆ ಬರುತ್ತದೆ. ಅದರಲ್ಲಿ 107 ಪ್ರಶ್ನೆಗಳಿವೆ. ಪಾಪದ ಬಗ್ಗೆ ಅದು ಎರಡು ಮಾತನ್ನೂ ಸೇರಿಸುತ್ತದೆ: ನಿಯಮವನ್ನು ಮೀರುವುದು ಮತ್ತು ನಿಯಮಕ್ಕೆ ತಕ್ಕಂತೆ ನಡೆಯದಿರುವುದು. ಅದರ ಇನ್ನೊಂದು ಜಾಣತನವೆಂದರೆ, ಉತ್ತರದೊಳಗೆ ಪ್ರಶ್ನೆಯೂ ಅಡಗಿರುತ್ತದೆ. ಪ್ರಶ್ನೆ ಮರೆತುಹೋದರೂ ಉತ್ತರ ತಾನಾಗಿ ನಿಲ್ಲಬಲ್ಲ ಒಂದು ಪೂರ್ಣ ವಾಕ್ಯ. ಇವೆರಡನ್ನೂ ಕನ್ನಡದ ಜಾಯಮಾನಕ್ಕೆ ತಂದಾಗ ನಮಗೆ ದೊರೆತ ಉತ್ತರ ಇದು: ‘ದೇವರು ಬೇಡ ಎಂದದ್ದನ್ನು ಮಾಡುವುದು ಪಾಪ, ಮಾಡು ಎಂದದ್ದನ್ನು ಬಿಡುವುದೂ ಪಾಪ.’ ಎರಡು ಸಮತೂಕದ ಭಾಗಗಳು, ಒಂದೊಂದಕ್ಕೆ ಒಂದೊಂದು ಉಸಿರು.

ಆದರೂ ಗಡಿಯ ಮಕ್ಕಳಿಗೆ ಇಷ್ಟು ಸಾಲದು. ‘ಅಯ್ಯೋ ಪಾಪ’ ಎಂದಾಗ ಕನ್ನಡದಲ್ಲಿ ಅದು ಕನಿಕರದ ಮಾತು. ಮಲಯಾಳದಲ್ಲಿ ಕನಿಕರಕ್ಕೆ ‘ಪಾವಂ’ ಬೇರೆ, ದೋಷಕ್ಕೆ ‘ಪಾಪಂ’ ಬೇರೆ. ಕನ್ನಡ ಮನೆಯ ಮಗುವಿನ ಕಿವಿಯಲ್ಲಿ ‘ಪಾಪದವನು’ ಎಂದರೆ ಬಡಪಾಯಿ. ಆದ್ದರಿಂದ ಈ ಉತ್ತರ ಕಲಿಸುವ ಮೊದಲು, ಒಂದೇ ಮಾತಿಗೆ ಎರಡು ಅರ್ಥವಿದೆಯೆಂದು ಬಾಯಿಮಾತಿನಲ್ಲಿ ಹೇಳಿಕೊಡಬೇಕಾಗುತ್ತದೆ. ಎರಡು ಭಾಷೆ ಬಲ್ಲ ಮಕ್ಕಳಿಗೆ ‘ಪಾವಂ, ಪಾಪಂ’ ಎಂದರೆ ಸಾಕು, ಕೂಡಲೇ ತಿಳಿಯುತ್ತದೆ.

ಕಲಿತದ್ದು ಬರಿಯ ಗಿಳಿಪಾಠವೋ ಅಲ್ಲವೋ ಎಂದು ತಿಳಿಯುವುದೂ ಕಷ್ಟವಲ್ಲ. ಪ್ರಶ್ನೆಗಳ ಸಾಲು ತಪ್ಪಿಸಿ ಕೇಳಬೇಕು. ಹಿಂದಿನ ಪ್ರಶ್ನೆ ಕೇಳಿದರೆ ಮಾತ್ರ ಮುಂದಿನ ಉತ್ತರ ಬರುವುದಾದರೆ, ಮಗುವಿಗೆ ನೆನಪಿರುವುದು ಸರಪಣಿಯೇ ಹೊರತು ಮಾತಲ್ಲ. ಆ ಮೇಲೆ, ‘ಹಸಿದವನು ಬಂದಾಗ ಊಟದ ಪಾತ್ರೆ ಮುಚ್ಚಿಟ್ಟವನು ಏನು ತಪ್ಪು ಮಾಡಿದ?’ ಎಂದು ಕೇಳಿ. ಉತ್ತರದ ಎರಡನೆಯ ಭಾಗವನ್ನು ಮಾತ್ರ ಆರಿಸಿ ಹೇಳಿದ ಮಗುವಿಗೆ ಮಾತು ವಶವಾಗಿದೆ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಪಾಪದ ವಿವರಣೆಯನ್ನು ಮಗು ಹೇಳಬಹುದು. ಆದರೆ ‘ನಾನು ನಂಬುತ್ತೇನೆ’ ಎಂದು ಅದರಿಂದ ಹೇಳಿಸಬಹುದೇ? ಮಲಯಾಳದಲ್ಲಿ ಬರೆಯುವವನಿಗೆ ಈ ಸಂಕಟ ಸ್ವಲ್ಪ ಕಡಿಮೆ. ನಾನು, ನಾವು, ಅವರು, ಯಾರೇ ಆದರೂ ಕ್ರಿಯಾಪದ ‘ವಿಶ್ವಸಿಕ್ಕುನ್ನು’ ಒಂದೇ. ಕನ್ನಡದಲ್ಲಿ ನಂಬುತ್ತೇನೆ, ನಂಬುತ್ತೇವೆ, ನಂಬುತ್ತಾರೆ ಎಂದು ಕ್ರಿಯಾಪದದ ಬಾಲವೇ ಆಳನ್ನು ಹಿಡಿದುಕೊಡುತ್ತದೆ. ಆದ್ದರಿಂದ ಪ್ರತಿ ಸಾಲಿನಲ್ಲೂ ನಂಬುವವರು ಯಾರೆಂದು ನಾವು ತೀರ್ಮಾನಿಸಲೇಬೇಕು.

ಹಿಂದಿನವರಲ್ಲೂ ಎರಡು ದಾರಿಗಳಿವೆ. ದೀಕ್ಷಾಸ್ನಾನ ಹೊಂದುವವನು ತಾನೇ ಹೇಳುವ ಅಪೊಸ್ತಲರ ವಿಶ್ವಾಸಪ್ರಮಾಣದಲ್ಲಿ ‘ನಾನು’ ಇದೆ. 325ರಲ್ಲಿ ನೈಸಿಯದಲ್ಲಿ ಸೇರಿದ ಸಭಾಧ್ಯಕ್ಷರು ಬರೆದುದರಲ್ಲಿ ‘ನಾವು’ ಇತ್ತು. ‘ಅವರು ನಂಬುತ್ತಾರೆ’ ಎಂದು ಬರೆದರೆ ಸಾಮಾನ್ಯಜ್ಞಾನದ ಪುಸ್ತಕವಾಗುತ್ತದೆ. ಮಗು ತನ್ನ ಮನೆಯ ನಂಬಿಕೆಯನ್ನು ಹೊರಗೆ ನಿಂತು ನೋಡಿದ ಹಾಗೆ. ‘ನಾನು’ ಎಂದು ಬರೆದರೆ, ಇನ್ನೂ ಆಗದ ತೀರ್ಮಾನವನ್ನು ಆಗಿದೆಯೆಂದು ಹೇಳಿಸಿದ ಹಾಗೆ. ಆದ್ದರಿಂದ ನಾವು ‘ನಂಬುತ್ತೇವೆ’ ಎಂದೇ ಬರೆದೆವು. ಆ ‘ನಾವು’ ಸುಳ್ಳಲ್ಲ. ಸಭೆ ನಂಬುತ್ತದೆ, ಮಗು ಸಭೆಯ ಮಡಿಲಲ್ಲಿ ಕುಳಿತು ಅದರ ಮಾತನ್ನು ಆಡುತ್ತದೆ.

ನನ್ನ ಕೆಲಸದಲ್ಲಿ ಇದಕ್ಕೊಂದು ಹೋಲಿಕೆ ಇದೆ. ಅಪ್ರಾಪ್ತರ ಹೆಸರಿನಲ್ಲಿ ಪೋಷಕರು ಖಾತೆ ತೆರೆದು ನಡೆಸುತ್ತಾರೆ. ಹಣ ಮಗುವಿನದೇ, ಸಹಿ ಪೋಷಕರದು. ಹದಿನೆಂಟು ತುಂಬಿದ ಮೇಲೆ ಪೋಷಕರ ಸಹಿ ನಡೆಯುವುದಿಲ್ಲ; ಖಾತೆದಾರ ತಾನೇ ಬಂದು ಮಾದರಿ ಸಹಿ ಕೊಡಬೇಕು. ಬಾಯಿಪಾಠವೂ ಹೀಗೆ ಮಗುವಿನ ಹೆಸರಿನಲ್ಲಿ ನಾವು ಕಟ್ಟುವ ಇಡುಗಂಟು. ದೃಢೀಕರಣದ ದಿನ ‘ನಾನು ನಂಬುತ್ತೇನೆ’ ಎಂದು ತನ್ನ ಸಹಿ ಹಾಕಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಬೇಕಾದವರು ಅವರೇ. ಅಂದು ಖಾತೆ ತೆರೆದು ನೋಡಿದಾಗ ಅದರಲ್ಲಿ ಖೋಟಾ ನೋಟು ಸಿಗದಂತೆ ನೋಡಿಕೊಳ್ಳುವುದು ಬರೆಯುವವನ ಕೆಲಸ.