ಪ್ರಾತಃಸ್ತುತಿ: ಕೇಳುವ ಕಿವಿ, ಹಾಡುವ ಉಸಿರು

ವಿಜಯಪುರದ ಗಾಂಧಿ ಚೌಕದ ಅಂಗಡಿಗಳು ಬಾಗಿಲು ತೆರೆಯುವ ಮೊದಲೇ ಸುತ್ತಲಿನ ಜೈನ ಮನೆಗಳಲ್ಲಿ ಪಂಚನಮಸ್ಕಾರ ಮಂತ್ರವೋ ಭಕ್ತಾಮರ ಸ್ತೋತ್ರವೋ ಕೇಳಿಬರುವುದುಂಟು. ಹಿಂದೆ ಕ್ಯಾಸೆಟ್ಟಿನಿಂದ ಬರುತ್ತಿದ್ದ ಸ್ತುತಿ ಇಂದು ಮೊಬೈಲಿನಿಂದ ಹೊಮ್ಮುತ್ತದೆ. ಗೃಹಿಣಿ ಒಲೆಯ ಮುಂದಿರುತ್ತಾಳೆ. ಯಜಮಾನರು ಅಂಗಡಿಗೆ ಹೊರಡುವ ಸಿದ್ಧತೆಯಲ್ಲಿರುತ್ತಾರೆ. ಮನೆಯವರಾರೂ ಹಾಡುತ್ತಿಲ್ಲ, ಆದರೂ ಎಲ್ಲರ ಮನಸ್ಸೂ ಹಗುರವಾಗಿರುತ್ತದೆ. ಈ ಹಗುರತನವು ಭಕ್ತಿಯೇ, ಅಥವಾ ಬರಿಯ ಕರ್ಣಸುಖವೇ?

ಕುಂದಕುಂದಾಚಾರ್ಯರು ‘ಪ್ರವಚನಸಾರ’ದಲ್ಲಿ ಅಶುಭ, ಶುಭ, ಶುದ್ಧವೆಂದು ಉಪಯೋಗದ ಭೇದಗಳನ್ನು ವಿವೇಚಿಸಿದ್ದಾರೆ. ಜಿನೇಂದ್ರರ ಗುಣಗಳಲ್ಲಿ ಉಂಟಾಗುವ ಅನುರಾಗವು ಶುಭೋಪಯೋಗ. ಆದರೆ ಇಂಪಾದ ರಾಗದಲ್ಲಿ ಮಾತ್ರ ನೆಟ್ಟ ಅನುರಾಗವು ಕರ್ಣೇಂದ್ರಿಯದ ವಿಷಯವಷ್ಟೆ. ಇವೆರಡೂ ಹೊರನೋಟಕ್ಕೆ ಒಂದೇ ಬಗೆಯ ಪ್ರಸನ್ನತೆಯಾಗಿ ತೋರುವುದರಿಂದಲೇ ತೊಡಕು ಹುಟ್ಟುತ್ತದೆ.

ಅದನ್ನು ಬಿಡಿಸಲು ಒಂದು ಮುಂಜಾವನ್ನು ಊಹಿಸಿಕೊಳ್ಳಬಹುದು. ಸ್ತೋತ್ರವು ಅರ್ಧಕ್ಕೆ ಬಂದಿದೆ. ಪರೀಕ್ಷೆಗೆ ಓದುತ್ತಿರುವ ಮಗಳು ಬಂದು ಧ್ವನಿಯನ್ನು ತಗ್ಗಿಸುತ್ತಾಳೆ. ತಂದೆ ಸಿಡುಕುತ್ತಾರೆ. ಸ್ತೋತ್ರವು ಯಾವ ವೀತರಾಗನನ್ನು ಕೊಂಡಾಡುತ್ತಿತ್ತೋ ಅವನ ಗುಣದ ಲೇಶವೂ ಆ ಕ್ಷಣದಲ್ಲಿ ಅಲ್ಲಿಲ್ಲ. ಸುಖವು ಕೈತಪ್ಪಿದಾಗ ದ್ವೇಷ ಎದ್ದಿತೆಂದರೆ, ಅದುವರೆಗೆ ಇದ್ದದ್ದು ರಾಗವೇ ಸರಿ. ಹಾಗೆಂದು ಆ ತಂದೆಯ ಭಕ್ತಿಯೆಲ್ಲ ಸುಳ್ಳೆನ್ನುವುದು ಅನ್ಯಾಯವಾದೀತು. ಅವರು ಅಂದು ಕೇಳಿದ್ದರು, ಸ್ತುತಿಸಿರಲಿಲ್ಲ, ಅಷ್ಟೆ.

ಕೇಳುವುದಕ್ಕೂ ತಾನೇ ಹೇಳುವುದಕ್ಕೂ ಇರುವ ಅಂತರವು ದೇಹದಲ್ಲಿಯೂ ಕಾಣುತ್ತದೆ. ಇಟಲಿಯ ವೈದ್ಯ ಬೆರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 23 ಮಂದಿ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ಬೌದ್ಧ ಮಂತ್ರವನ್ನೂ ಬಾಯಿಬಿಟ್ಟು ಪಠಿಸಿದರು. ಆಗ ಅವರ ಉಸಿರಾಟವು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದು, ಹೃದಯದ ಲಯವು ಅದರೊಡನೆ ಹೊಂದಿಕೊಂಡಿತು. ನಿಧಾನಗೊಂಡದ್ದು ಪಠಿಸಿದವರ ಉಸಿರು ಎಂಬುದು ಇಲ್ಲಿ ಗಮನಾರ್ಹ.

ಮಾನತುಂಗಾಚಾರ್ಯರ ಭಕ್ತಾಮರವು ವಸಂತತಿಲಕ ವೃತ್ತದಲ್ಲಿದೆ. ಪಾದವೊಂದಕ್ಕೆ 14 ಅಕ್ಷರ. ನಿಧಾನವಾಗಿ ಹೇಳಿದರೆ ಒಂದು ಪಾದಕ್ಕೆ ಒಂದು ಉಸಿರು ಸಾಕು. ಪಾದಾಂತ್ಯದಲ್ಲಿ ಉಸಿರು ತಾನಾಗಿ ಒಳಬರುತ್ತದೆ. ಅವಸರದಿಂದ ಎರಡು ಪಾದಗಳನ್ನು ಒಂದೇ ಉಸಿರಿಗೆ ಎಳೆದವನು ಏದುಸಿರು ಬಿಡುತ್ತಾನೆ, ಅರ್ಥವೂ ಜಾರಿಹೋಗುತ್ತದೆ. ದಿಗಂಬರ ಪರಂಪರೆಯ 48 ಶ್ಲೋಕಗಳನ್ನೂ ಅಂಗಡಿಯ ಹೊತ್ತಿನೊಳಗೆ ಹೇಳಿ ಮುಗಿಸುವುದು ಎಲ್ಲ ಗೃಹಸ್ಥರಿಗೂ ಸಾಧ್ಯವಾಗದು. ಅಂಥವರು ಯಂತ್ರವನ್ನು ನಿಲ್ಲಿಸಿ, ಒಂದೇ ಶ್ಲೋಕವನ್ನು ಅರ್ಥಸಹಿತ ತಾವೇ ಹೇಳಿ, ಅನಂತರ ಉಳಿದುದನ್ನು ಕೇಳಬಹುದು. ಹೇಳಿದವನ ಕಿವಿಗೆ ಆ ಬಳಿಕದ ಹಾಡು ಬೇರೆಯಾಗಿಯೇ ಕೇಳಿಸುತ್ತದೆ; ಮುಂದಿನ ಪದ ಯಾವುದೆಂದು ಅವನ ಮನಸ್ಸು ಮೊದಲೇ ಅಲ್ಲಿಗೆ ಹೋಗಿ ಕಾಯುತ್ತಿರುತ್ತದೆ.

ಇನ್ನು ಧ್ವನಿಯ ಪ್ರಮಾಣ. ಗೋಡೆಯಾಚೆ ರಾತ್ರಿಪಾಳಿ ಮುಗಿಸಿ ಮಲಗಿದವರಿರಬಹುದು, ರೋಗಿಯಿರಬಹುದು. ಸ್ತುತಿಯು ಮನೆಯ ಹೊಸ್ತಿಲನ್ನು ದಾಟಬೇಕಾದ ಅಗತ್ಯವಿಲ್ಲ. ಮಗಳು ಧ್ವನಿಯನ್ನು ತಗ್ಗಿಸಿದಾಗ ತಂದೆ ಮೆಲುದನಿಯಲ್ಲಿ ತಾವೇ ಮುಂದುವರಿಸಿದ್ದರೆ ಅವಳ ಓದೂ ನಡೆಯುತ್ತಿತ್ತು, ಸ್ತೋತ್ರವೂ ನಿಲ್ಲುತ್ತಿರಲಿಲ್ಲ.